ಕಾಸ್ಟ್ ಇಳಿಯುವುದು ನಿಂತಿತು, ಕೆಲಸ ಮಾತ್ರ ಮುಗಿದಿರಲಿಲ್ಲ

ಗ್ರೇಡಿಯಂಟ್ ಡಿಸೆಂಟ್ ಕಲಿಯುವಾಗ ನಾನು ಒಂದು ತಪ್ಪು ಮಾಡಿದ್ದೆ. ಐದೇ ಐದು ಸಾಲಿನ ಡೇಟಾ. ಅದಕ್ಕೊಂದು ನೇರ ಗೆರೆ ಕೂರಿಸಬೇಕು, ಅಷ್ಟೇ. ಕೋಡ್ ಓಡಿಸಿದೆ. ಕಾಸ್ಟ್, ಅಂದರೆ ಅಂದಾಜಿನ ತಪ್ಪು, ಸರ್ರನೆ ಇಳಿದು ಒಂದು ಕಡೆ ನಿಂತಿತು. ಗ್ರಾಫ್‌ನಲ್ಲಿ ಗೆರೆ ಚಪ್ಪಟೆಯಾಗಿತ್ತು. ಮುಗಿಯಿತು ಅಂದುಕೊಂಡು ಉತ್ತರ ನೋಡಿದರೆ ಎರಡು ಸಂಖ್ಯೆಗಳಲ್ಲಿ ಒಂದು ಪೂರ್ತಿ ತಪ್ಪು. ಕೋಡ್‌ನಲ್ಲಿ ದೋಷ ಇರಲಿಲ್ಲ. ದೋಷ ಇದ್ದದ್ದು ಡೇಟಾದ ಅಳತೆಯಲ್ಲಿ. ಅದೇ ಥರದ ಒಂದು ಚಿಕ್ಕ ಲೆಕ್ಕವನ್ನು ಇಲ್ಲಿ ಬಿಡಿಸಿ ನೋಡೋಣ. ಲರ್ನಿಂಗ್ ರೇಟ್ ಹೇಗೆ ಆರಿಸಬೇಕು, ಫೀಚರ್ ಸ್ಕೇಲಿಂಗ್, ಅಂದರೆ ಡೇಟಾದ ಅಳತೆ ಬದಲಾಯಿಸುವುದು, ಯಾಕೆ ಬೇಕು ಎಂಬ ಎರಡು ಪ್ರಶ್ನೆಗಳು ನಿಜಕ್ಕೂ ಒಂದೇ ಪ್ರಶ್ನೆ ಎಂದು ಅದರಲ್ಲೇ ಗೊತ್ತಾಗುತ್ತದೆ.

ಲೆಕ್ಕ ಇದು. ಫೈಲ್ ಎಷ್ಟು ದೊಡ್ಡದು ಎಂದು ತಿಳಿದರೆ, ಅದು ಡೌನ್‌ಲೋಡ್ ಆಗಲು ಎಷ್ಟು ಸೆಕೆಂಡ್ ಹಿಡಿಯುತ್ತದೆ ಎಂದು ಅಂದಾಜಿಸಬೇಕು. ಫೈಲ್‌ಗಳು 100, 200, 300, 400, 500 ಎಂಬಿ. ಹಿಡಿದ ಸಮಯ 14, 27, 34, 46, 54 ಸೆಕೆಂಡ್. ನಮ್ಮ ಗೆರೆ `y = w*x + b`. ಇಲ್ಲಿ `w` ಅಂದರೆ ಪ್ರತಿ ಎಂಬಿಗೆ ಬೇಕಾಗುವ ಸಮಯ. `b` ಅಂದರೆ ಫೈಲ್ ಎಷ್ಟೇ ಚಿಕ್ಕದಿರಲಿ, ಸಂಪರ್ಕ ಶುರುವಾಗಲು ಹೇಗೂ ಹಿಡಿಯುವ ಸಮಯ.

ಇಷ್ಟು ಚಿಕ್ಕ ಲೆಕ್ಕಕ್ಕೆ ಸೂತ್ರ ಹಾಕಿ ನೇರವಾಗಿ ಉತ್ತರ ತೆಗೆಯಬಹುದು: `w = 0.099`, `b = 5.3`. ಉತ್ತರ ಮೊದಲೇ ಗೊತ್ತಿರುವುದು ನಮಗೆ ಅನುಕೂಲ. ಗ್ರೇಡಿಯಂಟ್ ಡಿಸೆಂಟ್ ಎಲ್ಲಿ ಎಡವುತ್ತದೆ ಎಂದು ಕಣ್ಣಾರೆ ನೋಡಬಹುದು.

ಕಾಸ್ಟ್ ಎಂದರೆ ತಪ್ಪಿನ ಅಳತೆ. ಪ್ರತಿ ಸಾಲಿನಲ್ಲೂ ನಮ್ಮ ಅಂದಾಜಿನಿಂದ ನಿಜವಾದ ಸಮಯ ಕಳೆಯಿರಿ, ವರ್ಗ ಮಾಡಿ, ಸರಾಸರಿ ತೆಗೆದು, ಅರ್ಧ ಮಾಡಿ. ಅರ್ಧ ಯಾಕೆ ಅಂದರೆ, ಇಳಿಜಾರಿನ ಲೆಕ್ಕದಲ್ಲಿ ಬರುವ 2 ಹೊಡೆದುಹೋಗಲಿ ಅಂತ. ಬೇರೇನೂ ಗುಟ್ಟಿಲ್ಲ. ಆಮೇಲೆ `w`, `b` ಎರಡನ್ನೂ ಸೊನ್ನೆಯಿಂದ ಶುರು ಮಾಡಿ, ಕಾಸ್ಟ್ ಯಾವ ಕಡೆ ಇಳಿಯುತ್ತದೋ ಆ ಕಡೆಗೆ ಒಂದೊಂದೇ ಹೆಜ್ಜೆ ಇಡುತ್ತಾ ಹೋಗುವುದು, ಇದೇ ಗ್ರೇಡಿಯಂಟ್ ಡಿಸೆಂಟ್. ಇದು ಹೊಸ ಉಪಾಯವೇನಲ್ಲ, ಫ್ರಾನ್ಸ್‌ನ ಗಣಿತಜ್ಞ ಕೋಶಿ 1847ರಲ್ಲೇ ಬರೆದಿಟ್ಟಿದ್ದ.

```python
import numpy as np
x = np.array([100, 200, 300, 400, 500], dtype=float)
y = np.array([14, 27, 34, 46, 54], dtype=float)

def fit(x, y, alpha, steps):
    w = b = 0.0
    for _ in range(steps):
        e = w * x + b - y
        w, b = w - alpha * (e * x).mean(), b - alpha * e.mean()
    cost = ((w * x + b - y) ** 2).mean() / 2
    return w, b, cost
```

`w`, `b` ಎರಡನ್ನೂ ಒಂದೇ ಸಾಲಿನಲ್ಲಿ ಬದಲಾಯಿಸಿದ್ದನ್ನು ಗಮನಿಸಿ. ಮೊದಲು `w` ಬದಲಾಯಿಸಿ, ಆ ಹೊಸ `w` ಇಟ್ಟುಕೊಂಡು `b`ಯ ಇಳಿಜಾರು ಲೆಕ್ಕ ಹಾಕಿದರೆ ಅದು ಬೇರೆಯೇ ವಿಧಾನವಾಗುತ್ತದೆ. ಇಲ್ಲಿ `alpha` ಎಂಬುದೇ ಲರ್ನಿಂಗ್ ರೇಟ್, ಅಂದರೆ ಇಳಿಜಾರನ್ನು ಎಷ್ಟರಿಂದ ಗುಣಿಸಿ ಹೆಜ್ಜೆ ಇಡಬೇಕು ಎಂಬ ಸಂಖ್ಯೆ.

ಎಷ್ಟು ಇಡೋಣ? ಬಹಳ ಜನ ಯೋಚಿಸದೆ 0.01 ಹಾಕುತ್ತಾರೆ. ಹಾಕಿ ನೋಡೋಣ. ಶುರುವಿನಲ್ಲಿ `w` ದಿಕ್ಕಿನ ಇಳಿಜಾರು −12480, `b` ದಿಕ್ಕಿನದು −35. ಒಂದು ಹೆಜ್ಜೆ ಆದ ಮೇಲೆ `w` 124.8 ಆಗುತ್ತದೆ. ಅಂದರೆ 100 ಎಂಬಿ ಫೈಲ್‌ಗೆ ಮೂರೂವರೆ ಗಂಟೆ ಹತ್ತಿರ! ಎರಡನೇ ಹೆಜ್ಜೆಗೆ `w` −1,37,031. ಈಗ ಫೈಲ್ ಕೇಳುವ ಮೊದಲೇ ಬಂದುಬಿಟ್ಟಿದೆ. ಪ್ರತಿ ಹೆಜ್ಜೆಗೂ ತಪ್ಪು ಸುಮಾರು 1100 ಪಟ್ಟು ಬೆಳೆಯುತ್ತದೆ, ಚಿಹ್ನೆ ಅದಲುಬದಲಾಗುತ್ತದೆ. 50 ಹೆಜ್ಜೆ ದಾಟುವಷ್ಟರಲ್ಲಿ ಕಾಸ್ಟ್ `inf` ಎಂದು ಕಾಣಿಸುತ್ತದೆ. ಸುಮಾರು 100 ಹೆಜ್ಜೆಗೆ `w`, `b` ಕೂಡ ಹೋಗಿ ಕೊನೆಗೆ `nan` ಉಳಿಯುತ್ತದೆ.

ಇಂಥ ತಪ್ಪು ಒಂದು ಲೆಕ್ಕದಲ್ಲಿ ಒಳ್ಳೆಯದು, ಕಿರುಚಿ ಹೇಳುತ್ತದೆ. ಸುಮ್ನೆ ಕೂರುವ ತಪ್ಪೇ ಅಪಾಯ.

ಲರ್ನಿಂಗ್ ರೇಟ್ ಇಳಿಸಿ 0.00001 ಮಾಡೋಣ. ಈಗ ಕಾಸ್ಟ್ ನೋಡಿ: ಶುರುವಿಗೆ 711.3, ಒಂದು ಹೆಜ್ಜೆಗೆ 10.42, ಎರಡನೆಯದಕ್ಕೆ 3.41, ಮೂರನೆಯದಕ್ಕೆ 3.34. ಆಮೇಲೆ ಅಲ್ಲಾಡುವುದಿಲ್ಲ. ಸಾವಿರ ಹೆಜ್ಜೆ ಆದರೂ 3.33. ಗ್ರಾಫ್ ಬರೆದರೆ ಪುಸ್ತಕದ ಚಿತ್ರದ ಹಾಗೆ ಕಾಣುತ್ತದೆ: ಸರ್ರನೆ ಇಳಿತ, ಆಮೇಲೆ ನೆಲ. ಯಾರಾದರೂ ಇಲ್ಲಿಗೆ ನಿಲ್ಲಿಸುತ್ತಾರೆ. ನಾನೂ ನಿಲ್ಲಿಸಿದ್ದು ಇಂಥ ಕಡೆಯೇ. ಒಂದು ಹೆಜ್ಜೆಗೆ ಕಾಸ್ಟ್ 0.00001ಗಿಂತ ಕಡಿಮೆ ಇಳಿದರೆ ನಿಲ್ಲಿಸು ಎಂದು ಕೋಡ್‌ಗೆ ಹೇಳಿಟ್ಟಿದ್ದರೆ ಅದೂ ಇಲ್ಲೇ ನಿಲ್ಲುತ್ತದೆ.

ಆದರೆ ಸಾವಿರ ಹೆಜ್ಜೆಯ ನಂತರ `w` 0.1134, `b` 0.01. ಸರಿಯಾದ `b` 5.3. ಅಂದರೆ `b` ಇದ್ದ ಜಾಗದಿಂದ ಕದಲಿಯೇ ಇಲ್ಲ. ಕಾಸ್ಟ್ ಕೂಡ ನಿಜವಾಗಿ ಇಳಿಯಬೇಕಾದದ್ದು 0.79ರವರೆಗೆ. 3.33 ಎಂದರೆ ಅದರ ನಾಲ್ಕು ಪಟ್ಟಿಗೂ ಜಾಸ್ತಿ. ಈ ಗೆರೆಯನ್ನು ನಂಬಿ 10 ಎಂಬಿ ಫೈಲ್‌ಗೆ ಎಷ್ಟು ಹೊತ್ತು ಎಂದು ಕೇಳಿದರೆ 1.1 ಸೆಕೆಂಡ್ ಎನ್ನುತ್ತದೆ. ಸರಿಯಾದ ಗೆರೆ ಹೇಳುವುದು 6.3.

ಹಾಗಾದರೆ ಸರಿಯಾದ ಉತ್ತರಕ್ಕೆ ಎಷ್ಟು ಹೆಜ್ಜೆ ಬೇಕು? `b`ಯ ತಪ್ಪು ನೂರರಲ್ಲಿ ಒಂದು ಪಾಲಿಗೆ ಇಳಿಯಲು ಸುಮಾರು 25 ಲಕ್ಷ. ಐದು ಸಾಲಿನ ಡೇಟಾಗೆ!

ಯಾಕೆ ಹೀಗೆ? `w` ಅನ್ನು 0.01ರಷ್ಟು ಅಲ್ಲಾಡಿಸಿ ನೋಡಿ. 500 ಎಂಬಿ ಫೈಲ್‌ನ ಅಂದಾಜು 5 ಸೆಕೆಂಡ್ ಬದಲಾಗುತ್ತದೆ. `b` ಅನ್ನು ಅಷ್ಟೇ ಅಲ್ಲಾಡಿಸಿ. ಅಂದಾಜು ಬದಲಾಗುವುದು 0.01 ಸೆಕೆಂಡ್, ಗೊತ್ತೂ ಆಗುವುದಿಲ್ಲ. ಕಾಸ್ಟ್‌ನ ಕಣ್ಣಿಗೆ `w` ಎಂದರೆ ಮುಟ್ಟಿದರೆ ಮುನಿ. `b` ಎಂದರೆ ಎಬ್ಬಿಸಿದರೂ ಏಳದ ಸೋಮಾರಿ.

`w`, `b` ಎರಡನ್ನು ನೆಲದ ಮೇಲಿನ ಎರಡು ದಿಕ್ಕು ಎಂದೂ, ಕಾಸ್ಟ್ ಅನ್ನು ಎತ್ತರ ಎಂದೂ ಭಾವಿಸಿದರೆ ಒಂದು ಹಳ್ಳ ಕಾಣುತ್ತದೆ. ನಮ್ಮ ಹಳ್ಳ ಬಟ್ಟಲಿನ ಹಾಗೆ ದುಂಡಗಿಲ್ಲ, ಕಾಲುವೆಯ ಹಾಗಿದೆ. ಅಗಲ ಒಂದು ಅಡಿ ಇದ್ದರೆ ಉದ್ದ ಸುಮಾರು 780 ಅಡಿ. ಎರಡೂ ಬದಿಯ ಗೋಡೆ ಕಡಿದಾಗಿದೆ, ತಳ ಮಾತ್ರ ಕಣ್ಣಿಗೆ ಕಾಣದಷ್ಟು ಇಳಿಜಾರು. ಗ್ರೇಡಿಯಂಟ್ ಡಿಸೆಂಟ್ ಮೊದಲ ಮೂರು ಹೆಜ್ಜೆಯಲ್ಲಿ ಗೋಡೆ ಇಳಿದು ತಳ ಮುಟ್ಟಿತು. ಅದನ್ನೇ ನಾವು 'ಮುಗಿಯಿತು' ಅಂದುಕೊಂಡೆವು. ಆದರೆ ನಿಜವಾದ ತಗ್ಗು ಇರುವುದು ಕಾಲುವೆಯುದ್ದಕ್ಕೂ ಬಹಳ ದೂರದಲ್ಲಿ.

ಇದನ್ನು ಸಂಖ್ಯೆಯಲ್ಲೂ ಹೇಳಬಹುದು, ಕಷ್ಟವೇನಿಲ್ಲ. ಹಳ್ಳದ ಒಂದು ದಿಕ್ಕು ಎಷ್ಟು ಕಡಿದು ಎಂಬುದಕ್ಕೆ `s` ಎಂಬ ಸಂಖ್ಯೆ ಇಟ್ಟುಕೊಳ್ಳಿ. ಆ ದಿಕ್ಕಿನಲ್ಲಿ ನಾವು ತಗ್ಗಿನಿಂದ ಎಷ್ಟು ದೂರ ಇದ್ದೇವೋ ಆ ದೂರ ಪ್ರತಿ ಹೆಜ್ಜೆಗೂ `1 - alpha*s` ಇಂದ ಗುಣಿಸಿಕೊಳ್ಳುತ್ತದೆ. ಲರ್ನಿಂಗ್ ರೇಟ್‌ನ ಇಡೀ ಕಥೆ ಈ ಒಂದು ಗುಣಾಕಾರದಲ್ಲಿದೆ. `alpha*s` ಒಂದಕ್ಕಿಂತ ಕಡಿಮೆ ಇದ್ದರೆ ಒಂದೇ ಕಡೆಯಿಂದ ನಿಧಾನವಾಗಿ ಹತ್ತಿರ ಬರುತ್ತೇವೆ. ಸರಿಯಾಗಿ ಒಂದು ಇದ್ದರೆ ಒಂದೇ ಹೆಜ್ಜೆಗೆ ತಗ್ಗಿಗೆ ಬೀಳುತ್ತೇವೆ. ಒಂದರಿಂದ ಎರಡರ ನಡುವೆ ಇದ್ದರೆ ಪ್ರತಿ ಸಲ ತಗ್ಗನ್ನು ದಾಟಿ ಆಚೆ ಹೋಗುತ್ತೇವೆ, ಮತ್ತೆ ಈಚೆ, ಆದರೂ ಹತ್ತಿರವಾಗುತ್ತಲೇ ಇರುತ್ತೇವೆ. ಎರಡು ದಾಟಿತೋ, ಕೆಟ್ಟಿತು. ಪ್ರತಿ ಹೆಜ್ಜೆಗೂ ದೂರವೇ ಆಗುತ್ತೇವೆ.

ನಮ್ಮ ಡೇಟಾದಲ್ಲಿ ಕಡಿದಾದ ದಿಕ್ಕಿನ `s` ಸುಮಾರು 1,10,000. ಅದು `x`ನ ವರ್ಗಗಳ ಸರಾಸರಿಯಿಂದಲೇ ಬಂದದ್ದು. ಚಪ್ಪಟೆ ದಿಕ್ಕಿನ `s` ಬರೀ 0.18. ಕಡಿದಾದ ದಿಕ್ಕು ಸಿಡಿಯದಿರಲು `alpha` 0.000018 ದಾಟುವಂತಿಲ್ಲ. ಅಷ್ಟು ಚಿಕ್ಕ `alpha` ಇಟ್ಟರೆ ಚಪ್ಪಟೆ ದಿಕ್ಕಿನಲ್ಲಿ ದೂರ ಪ್ರತಿ ಹೆಜ್ಜೆಗೆ 0.999997ರಷ್ಟು ಉಳಿದುಕೊಳ್ಳುತ್ತದೆ. ಅಂದರೆ ಹೆಜ್ಜೆಯ ಮಿತಿ ಹಾಕುವುದು ಅತಿ ಕಡಿದಾದ ದಿಕ್ಕು, ಎಷ್ಟು ಹೊತ್ತು ಕಾಯಬೇಕು ಎಂದು ನಿರ್ಧರಿಸುವುದು ಅತಿ ಚಪ್ಪಟೆ ದಿಕ್ಕು. ಈ ಡೇಟಾ ಹೀಗೇ ಇದ್ದರೆ ಎರಡಕ್ಕೂ ಒಪ್ಪುವ `alpha` ಇಲ್ಲವೇ ಇಲ್ಲ. ಎಷ್ಟು ಹುಡುಕಿದರೂ ಸಿಗುವುದಿಲ್ಲ.

ಮಿತಿಯ ಹತ್ತಿರ ಕಾಸ್ಟ್ ಹೇಗೆ ನಡೆದುಕೊಳ್ಳುತ್ತದೆ ಎಂದು ಒಮ್ಮೆ ನೋಡಿಡುವುದು ಒಳ್ಳೆಯದು. `alpha` 0.00002 ಇಟ್ಟರೆ ಗುಣಕ −1.2. ಕಾಸ್ಟ್ 711, 1023, 1471 ಎಂದು ಮೆಲ್ಲಗೆ ಏರುತ್ತದೆ. 0.01ರ ಹಾಗೆ ಒಮ್ಮೆಲೇ ಸಿಡಿಯುವುದಿಲ್ಲ. ಹಾಗಾಗಿ ಪೂರ್ತಿ ಡೇಟಾ ಇಟ್ಟುಕೊಂಡು ಹೆಜ್ಜೆ ಇಡುವಾಗ ಕಾಸ್ಟ್ ಒಂದೇ ಒಂದು ಸಲ ಏರಿದರೂ ಅನುಮಾನ ಪಡಿ. `alpha` ಜಾಸ್ತಿಯಾಗಿದೆ, ಇಲ್ಲವೇ ಇಳಿಜಾರಿನ ಲೆಕ್ಕದಲ್ಲಿ ಚಿಹ್ನೆ ತಪ್ಪಿದೆ. ಯಾವುದು ಎಂದು ತಿಳಿಯಲು `alpha`ವನ್ನು ವಿಪರೀತ ಚಿಕ್ಕದು ಮಾಡಿ ನೋಡಿ. ಆಗಲೂ ಏರಿದರೆ ತಪ್ಪು ಕೋಡ್‌ನದು.

ಈಗ ಅಳತೆಯ ವಿಷಯಕ್ಕೆ ಬರೋಣ. ಎಂಬಿ ಎಂಬುದು ನಾವು ಸುಮ್ನೆ ಆರಿಸಿದ ಅಳತೆ, ಅಲ್ವಾ? ಅದೇ ಫೈಲ್‌ಗಳನ್ನು ಬೈಟ್‌ನಲ್ಲಿ ಬರೆದಿದ್ದರೆ `x` ಹತ್ತು ಲಕ್ಷ ಪಟ್ಟು ದೊಡ್ಡದಾಗುತ್ತಿತ್ತು. `s`ನಲ್ಲಿ ಇರುವುದು ವರ್ಗವಾದ್ದರಿಂದ ಅದು ಲಕ್ಷ ಕೋಟಿ ಪಟ್ಟು ಬೆಳೆಯುತ್ತಿತ್ತು. `alpha` ಅಷ್ಟೇ ಪಟ್ಟು ಕುಗ್ಗಬೇಕಾಗುತ್ತಿತ್ತು. ಫೈಲ್ ಅದೇ, ಸಮಯ ಅದೇ, ಗೆರೆಯೂ ಅದೇ. ಬದಲಾದದ್ದು ಬರೆಯುವ ರೀತಿ ಮಾತ್ರ. ಹಾಗಾಗಿ 'ಒಳ್ಳೆಯ ಲರ್ನಿಂಗ್ ರೇಟ್ ಎಷ್ಟು' ಎಂದು ಯಾರಾದರೂ ಕೇಳಿದರೆ, ಡೇಟಾ ಯಾವ ಅಳತೆಯಲ್ಲಿದೆ ಎಂದು ಕೇಳದೆ ಉತ್ತರ ಹೇಳಲು ಬರುವುದಿಲ್ಲ.

ಅಳತೆ ನಮ್ಮ ಕೈಯಲ್ಲೇ ಇರುವುದಾದರೆ ಅನುಕೂಲವಾದದ್ದನ್ನೇ ಆರಿಸೋಣ. ಮೊದಲು ಬರೀ ನೂರರಿಂದ ಭಾಗಿಸಿ ನೋಡೋಣ. `x` ಈಗ 1, 2, 3, 4, 5. ಕಡಿದಾದ ದಿಕ್ಕಿನ `s` 11.83ಕ್ಕೆ ಇಳಿಯಿತು. ಚಪ್ಪಟೆ ದಿಕ್ಕಿನದು 0.17, ಹೆಚ್ಚು ಕಡಿಮೆ ಮೊದಲಿನಷ್ಟೇ. ಈಗ `alpha` 0.1 ಇಡಬಹುದು. 25 ಲಕ್ಷ ಹೆಜ್ಜೆಯ ಜಾಗದಲ್ಲಿ ಸುಮಾರು 270 ಸಾಕು. ಒಂದು ಭಾಗಾಕಾರಕ್ಕೆ ಇಷ್ಟು ಲಾಭ!

ಆದರೂ ಹಳ್ಳ ಇನ್ನೂ ದುಂಡಗಾಗಿಲ್ಲ. ಅಗಲಕ್ಕಿಂತ ಉದ್ದ ಎಂಟು ಪಟ್ಟು ಇದೆ. ಇದಕ್ಕೆ ಕಾರಣ ಬೇರೆ. ಬಹಳ ಕಡೆ ಈ ಕಾರಣವನ್ನು ಹೇಳದೆ ದಾಟಿಬಿಡುತ್ತಾರೆ. ನಮ್ಮ ಫೈಲ್‌ಗಳೆಲ್ಲ ಸೊನ್ನೆಯಿಂದ ಒಂದೇ ಕಡೆ ಇವೆ. ಗೆರೆ ತಿರುಗುವ ಕೀಲು ಮಾತ್ರ ಸೊನ್ನೆಯಲ್ಲಿದೆ. ಹೀಗಿರುವಾಗ `w` ಸ್ವಲ್ಪ ಏರಿಸಿ `b` ಸ್ವಲ್ಪ ಇಳಿಸಿದರೆ ಡೇಟಾ ಇರುವ ಜಾಗದಲ್ಲಿ ಗೆರೆ ಬಹುತೇಕ ಅಲ್ಲೇ ಉಳಿಯುತ್ತದೆ. ಮೊದಲಿನ ಎಂಬಿ ಲೆಕ್ಕದಲ್ಲೇ ಹೇಳುವುದಾದರೆ, `w` 0.01 ಏರಿಸಿ `b` 3 ಇಳಿಸಿ. 300 ಎಂಬಿ ಹತ್ತಿರ ಏನೂ ಬದಲಾಗುವುದಿಲ್ಲ. ಒಬ್ಬರ ತಪ್ಪನ್ನು ಇನ್ನೊಬ್ಬರು ಮುಚ್ಚಿಹಾಕುತ್ತಾರೆ, ಕಾಸ್ಟ್‌ಗೆ ಗೊತ್ತಾಗುವುದಿಲ್ಲ. ನಮ್ಮ ಕಾಲುವೆಯಲ್ಲಿ `b` ಸೊನ್ನೆಯ ಹತ್ತಿರವೇ ಉಳಿದದ್ದೂ, `w` 0.099ರ ಬದಲು 0.1134ಕ್ಕೆ ಉಬ್ಬಿದ್ದೂ ಇದೇ ಹೊಂದಾಣಿಕೆಯಿಂದ.

ಕೀಲನ್ನು ಡೇಟಾದ ಮಧ್ಯಕ್ಕೆ ತಂದರೆ ಈ ಆಟ ನಿಲ್ಲುತ್ತದೆ. ಪ್ರತಿ `x`ನಿಂದ ಸರಾಸರಿ 300 ಕಳೆಯಿರಿ. ಆಮೇಲೆ ಸ್ಟ್ಯಾಂಡರ್ಡ್ ಡೀವಿಯೇಶನ್‌ನಿಂದ ಭಾಗಿಸಿ. ನಮ್ಮಲ್ಲಿ ಅದು 141.4. ಹೊಸ ಸಂಖ್ಯೆಗಳು −1.41, −0.71, 0, 0.71, 1.41. ಇದನ್ನೇ ಸ್ಟ್ಯಾಂಡರ್ಡೈಸ್ ಮಾಡುವುದು ಎನ್ನುತ್ತಾರೆ.

```python
m, d = x.mean(), x.std()
wz, bz, cost = fit((x - m) / d, y, alpha=0.1, steps=100)
w = wz / d
b = bz - wz * m / d
```

ಈಗ ಎರಡೂ ದಿಕ್ಕಿನ `s` ಸರಿಯಾಗಿ 1. ಹಳ್ಳ ದುಂಡು ಬಟ್ಟಲು. `alpha` 0.1 ಇಟ್ಟರೆ ಪ್ರತಿ ಹೆಜ್ಜೆಗೂ ತಪ್ಪು 0.9ರಷ್ಟಾಗುತ್ತದೆ. 44 ಹೆಜ್ಜೆಗೆ ನೂರರಲ್ಲಿ ಒಂದು ಪಾಲಿಗೂ ಕಡಿಮೆ. `alpha` 1 ಇಟ್ಟರೆ ಒಂದೇ ಹೆಜ್ಜೆ! `bz` ನೇರವಾಗಿ 35ಕ್ಕೆ ಹೋಗಿ ಕೂರುತ್ತದೆ, ಅದು ಸಮಯಗಳ ಸರಾಸರಿ. `wz` 14.0 ಆಗುತ್ತದೆ. ಕೋಡ್‌ನ ಕೊನೆಯ ಎರಡು ಸಾಲು ಅವನ್ನು ಹಳೆಯ ಅಳತೆಗೆ ತರುತ್ತವೆ: 14.0 ಭಾಗಿಸು 141.4 ಅಂದರೆ 0.099, 35 ಕಳೆ 29.7 ಅಂದರೆ 5.3. ಸೂತ್ರ ಕೊಟ್ಟ ಉತ್ತರವೇ.

ಇಲ್ಲಿ ಒಂದು ಗೊಂದಲ ಬರುತ್ತದೆ. ಸ್ಕೇಲಿಂಗ್‌ನಿಂದ ಗೆರೆ ಹೆಚ್ಚು ನಿಖರವಾಯಿತೇ? ಇಲ್ಲ. ಸಾಮಾನ್ಯ ಲೀನಿಯರ್ ರಿಗ್ರೆಶನ್‌ನಲ್ಲಿ ತಗ್ಗಿನಲ್ಲಿರುವ ಗೆರೆ ಸ್ಕೇಲ್ ಮಾಡಿದರೂ ಅದೇ, ಮಾಡದಿದ್ದರೂ ಅದೇ. ಬದಲಾಗುವುದು ಅಲ್ಲಿಗೆ ಹೋಗುವ ದಾರಿ. ಸೂತ್ರದಿಂದ ನೇರವಾಗಿ ಬಿಡಿಸುವವರಿಗೆ ಇಷ್ಟೆಲ್ಲ ರಗಳೆ ಇರುವುದಿಲ್ಲ.

ಫೀಚರ್‌ಗಳು ಜಾಸ್ತಿ ಇದ್ದಾಗಲೂ ಇದೇ ಕಥೆ, ದಿಕ್ಕುಗಳು ಜಾಸ್ತಿ ಅಷ್ಟೇ. ಪ್ರತಿ ಫೀಚರ್‌ಗೂ ಅದರದೇ ಸರಾಸರಿ, ಅದರದೇ ಡೀವಿಯೇಶನ್. ಆ ಸಂಖ್ಯೆಗಳನ್ನು ಉಳಿಸಿಟ್ಟುಕೊಳ್ಳಿ. ನಾಳೆ ಹೊಸ ಫೈಲ್ ಬಂದಾಗ ಅದರಿಂದಲೂ ಕಳೆಯಬೇಕಾದದ್ದು ಇದೇ 300, ಹೊಸದಾಗಿ ಲೆಕ್ಕ ಹಾಕಿದ ಸರಾಸರಿಯಲ್ಲ. ಇನ್ನು `b`ಗಾಗಿ ಡೇಟಾದಲ್ಲೇ 1ರ ಕಾಲಮ್ ಸೇರಿಸುವ ಅಭ್ಯಾಸ ಇದ್ದರೆ ಆ ಕಾಲಮ್ ಮುಟ್ಟಬೇಡಿ. ಅದರ ಡೀವಿಯೇಶನ್ ಸೊನ್ನೆ, ಭಾಗಿಸಿದರೆ `nan`.

ಸ್ಟ್ಯಾಂಡರ್ಡೈಸ್ ಮಾಡಿದ ಮೇಲೆ `alpha` ಆರಿಸುವುದು ಊಹೆಯ ಕೆಲಸವಾಗಿ ಉಳಿಯುವುದಿಲ್ಲ. ಎಲ್ಲ ದಿಕ್ಕುಗಳ `s` ಕೂಡಿದರೆ ಫೀಚರ್‌ಗಳ ಸಂಖ್ಯೆಗೆ ಒಂದು ಸೇರಿಸಿದಷ್ಟೇ ಬರುತ್ತದೆ. ಯಾವ ಒಂದು ದಿಕ್ಕೂ ಒಟ್ಟು ಮೊತ್ತಕ್ಕಿಂತ ಕಡಿದಾಗಿರಲು ಸಾಧ್ಯವಿಲ್ಲ. ಆದ್ದರಿಂದ 9 ಫೀಚರ್ ಇದ್ದರೆ ಮೊತ್ತ 10, `alpha` 2/10 ಅಂದರೆ 0.2ಕ್ಕಿಂತ ಕೆಳಗಿದ್ದರೆ ಸಿಡಿಯುವುದೇ ಇಲ್ಲ. ಅಲ್ಲಿಂದ ಶುರು ಮಾಡಿ ಮೂರು ಮೂರು ಪಟ್ಟು ಏರಿಸಿ ನೋಡಿ. ಕಾಸ್ಟ್ ಏರಲು ತೊಡಗಿದ ಕಡೆಯಿಂದ ಒಂದು ಹಂತ ಹಿಂದಕ್ಕೆ ಬನ್ನಿ. ಈ ಲೆಕ್ಕ ಸರಿಬರುವುದು ಕಾಸ್ಟ್ ಅನ್ನು ಸರಾಸರಿ ಮಾಡಿ ಅರ್ಧ ಮಾಡಿದ್ದಾಗ ಮಾತ್ರ. ಅರ್ಧ ಮಾಡದಿದ್ದರೆ ಮಿತಿಯೂ ಅರ್ಧವಾಗುತ್ತದೆ. ಸರಾಸರಿಯ ಬದಲು ಬರೀ ಮೊತ್ತ ಹಾಕಿದ್ದರೆ ಇನ್ನೂ ಕೆಟ್ಟದ್ದು, ಸಾಲುಗಳು ಹೆಚ್ಚಾದ ಹಾಗೆ ಇಳಿಜಾರೂ ದೊಡ್ಡದಾಗುತ್ತದೆ. 100 ಸಾಲಿಗೆ ಚೆನ್ನಾಗಿ ಓಡಿದ `alpha` 10,000 ಸಾಲಿಗೆ ಸಿಡಿದರೆ ಮೊದಲು ನೋಡಬೇಕಾದ ಜಾಗ ಇದು.

ಸ್ಕೇಲಿಂಗ್‌ಗೂ ಬಗ್ಗದ ಒಂದು ಸಂದರ್ಭವಿದೆ. ಫೈಲ್ ಗಾತ್ರದ ಜೊತೆಗೆ ಕಳಿಸಿದ ಪ್ಯಾಕೆಟ್‌ಗಳ ಸಂಖ್ಯೆಯನ್ನೂ ಫೀಚರ್ ಆಗಿ ಸೇರಿಸಿದ್ದೀರಿ ಎಂದುಕೊಳ್ಳಿ. ಎರಡೂ ಹೆಚ್ಚು ಕಡಿಮೆ ಒಂದೇ ಮಾತು ಹೇಳುತ್ತವೆ. ಅವುಗಳ ನಡುವಿನ ಕೋರಿಲೇಶನ್ 0.99 ಇದ್ದರೆ, ಸ್ಟ್ಯಾಂಡರ್ಡೈಸ್ ಮಾಡಿದ ಮೇಲೂ ಒಂದು ದಿಕ್ಕಿನ `s` 1.99, ಇನ್ನೊಂದರದು 0.01. ಮತ್ತೆ ಕಾಲುವೆ, ಈ ಸಲ ಓರೆಯಾಗಿ. ಒಂದರ ತೂಕ ಏರಿಸಿ ಇನ್ನೊಂದರದು ಇಳಿಸಿದರೆ ಕಾಸ್ಟ್‌ಗೆ ಗೊತ್ತೇ ಆಗುವುದಿಲ್ಲ, `w`, `b` ಮಾಡಿದ ಹೊಂದಾಣಿಕೆಯೇ. `alpha` 0.5 ಇಟ್ಟರೂ ಸುಮಾರು 900 ಹೆಜ್ಜೆ ಬೇಕು. ಒಂದೊಂದು ಫೀಚರ್‌ನ ಅಳತೆ ಬದಲಾಯಿಸಿ ಇದನ್ನು ಸರಿಮಾಡಲು ಆಗುವುದಿಲ್ಲ, ಏಕೆಂದರೆ ತೊಂದರೆ ಇರುವುದು ಎರಡರ ನಡುವೆ. ನಾನಾದರೆ ಎರಡರಲ್ಲಿ ಒಂದನ್ನು ತೆಗೆದುಹಾಕುತ್ತೇನೆ. ಎರಡೂ ಬೇಕೇ ಬೇಕು, ಡೇಟಾವೂ ಚಿಕ್ಕದು ಅಂದರೆ ಗ್ರೇಡಿಯಂಟ್ ಡಿಸೆಂಟ್ ಬಿಟ್ಟು, ನೇರವಾಗಿ ಉತ್ತರ ಕೊಡುವ `np.linalg.lstsq` ಕರೆಯುತ್ತೇನೆ.